ಸರಾಸರಿ ಬಿಟ್ಟು ಪ್ರಶ್ನೆ ನೋಡಿ: ಯಾವ ಪಾಠ ಮತ್ತೆ ಮಾಡಬೇಕು?

ವಿರಾಜಪೇಟೆ ಕಡೆಯ ಒಂದು ಪ್ರೌಢಶಾಲೆ. ಎಂಟನೇ ತರಗತಿಯಲ್ಲಿ 36 ಮಕ್ಕಳು. ಶೇಕಡಾ ಮತ್ತು ಲಾಭ-ನಷ್ಟದ ಮೇಲೆ ಬಹು ಆಯ್ಕೆಯ ಕಿರು ಪರೀಕ್ಷೆ ಆಗಿತ್ತು. ಅಂಕ ಕಡಿಮೆ ಬಂದಿದ್ದರಿಂದ ಗಣಿತದ ಮೇಷ್ಟ್ರು ಇಡೀ ಅಧ್ಯಾಯವನ್ನೇ ಮತ್ತೆ ಮಾಡಲು ಹೊರಟಿದ್ದರು. ಅಷ್ಟು ಪೀರಿಯಡ್ ಎಲ್ಲಿಂದ ತರೋದು? ಮಳೆ ರಜೆಗೆ ಹೋದ ದಿನಗಳೇ ಇನ್ನೂ ತುಂಬಿರಲಿಲ್ಲ. ಅದಕ್ಕೇ ಇಬ್ಬರೂ ಕೂತು ಪ್ರಶ್ನೆ ಪ್ರಶ್ನೆಯಾಗಿ ನೋಡಿದೆವು.

ಕೆಲಸ ಸುಲಭ. ಉತ್ತರ ಪತ್ರಿಕೆಗಳನ್ನು ಒಟ್ಟು ಅಂಕದ ಪ್ರಕಾರ ಜೋಡಿಸಿ, ಮೇಲಿನ 12 ಮತ್ತು ಕೆಳಗಿನ 12 ಬೇರೆ ಇಡಿ. ಪುಸ್ತಕಗಳಲ್ಲಿ ಮೇಲಿನ ಶೇ. 27, ಕೆಳಗಿನ ಶೇ. 27 ಅಂತ ಇರುತ್ತದೆ. ಅದು ದೊಡ್ಡ ಪರೀಕ್ಷೆಗಳಿಗೆ. ನಮ್ಮ ಸಣ್ಣ ತರಗತಿಗೆ ಮೂರನೇ ಒಂದು ಭಾಗ ಸಾಕು. ಆಮೇಲೆ ಪ್ರತಿ ಪ್ರಶ್ನೆಗೆ ಎರಡು ಲೆಕ್ಕ. ಇಡೀ ತರಗತಿಯಲ್ಲಿ ಸರಿ ಬರೆದವರನ್ನು 36ರಿಂದ ಭಾಗಿಸಿದರೆ ಕಠಿಣತೆಯ ಮಟ್ಟ. ಇಲ್ಲಿ ಸಂಖ್ಯೆ ದೊಡ್ಡದಾದಷ್ಟೂ ಪ್ರಶ್ನೆ ಸುಲಭ ಅಂತ ಅರ್ಥ, ಉಲ್ಟಾ ಓದಿಬಿಡಬೇಡಿ. ಮೇಲಿನ ಗುಂಪಿನಲ್ಲಿ ಸರಿ ಬರೆದವರಿಂದ ಕೆಳಗಿನ ಗುಂಪಿನವರನ್ನು ಕಳೆದು 12ರಿಂದ ಭಾಗಿಸಿದರೆ ತಾರತಮ್ಯ ಸೂಚ್ಯಂಕ. ಒಟ್ಟಾರೆ ಚೆನ್ನಾಗಿ ಮಾಡಿದವರನ್ನೂ ಹಿಂದೆ ಬಿದ್ದವರನ್ನೂ ಆ ಪ್ರಶ್ನೆ ಎಷ್ಟು ಬೇರ್ಪಡಿಸಿತು ಅಂತ ಇದು ಹೇಳುತ್ತದೆ.

ನಾಲ್ಕನೇ ಪ್ರಶ್ನೆ: 250 ರೂಪಾಯಿಗೆ ಮಾರಿದಾಗ 50 ರೂಪಾಯಿ ಲಾಭ ಬಂದರೆ, ಲಾಭ ಶೇಕಡಾ ಎಷ್ಟು? ಉತ್ತರ 25. ಮೇಲಿನವರಲ್ಲಿ 11 ಮಂದಿ ಸರಿ, ಕೆಳಗಿನವರಲ್ಲಿ 3. ಸೂಚ್ಯಂಕ 0.67. ಇಡೀ ತರಗತಿಯಲ್ಲಿ 21 ಮಂದಿ ಸರಿ, ಅಂದರೆ 0.58. ಇದಕ್ಕೆ ಎಲ್ಲರನ್ನೂ ಕೂರಿಸಿ ಪಾಠ ಮಾಡಬೇಕಿಲ್ಲ. ತಪ್ಪಿದವರಲ್ಲಿ ಹೆಚ್ಚಿನವರು 20 ಅಂತ ಗುರುತು ಹಾಕಿದ್ದರು, ಅಂದರೆ ಮಾರಿದ ಬೆಲೆಯಿಂದ ಭಾಗಿಸಿದ್ದಾರೆ. ಅವರನ್ನು ಬೇರೆ ಕರೆದು, ಕೊಂಡ ಬೆಲೆಯ ಮೇಲೇ ಯಾಕೆ ಅನ್ನೋದನ್ನು ಹೇಳಿದರೆ ಆಯಿತು. ಹಾಗೇ ಹಾಜರಿ ಪುಸ್ತಕವನ್ನೂ ತೆಗೆದು ನೋಡಿ. ತೋಡು ತುಂಬಿದ ವಾರ ಬಸ್ಸಿಲ್ಲದೆ ಬರದೇ ಇದ್ದವರೇ ಇವರಾದರೆ, ಅವರಿಗೆ ಇದು ಮರುಬೋಧನೆ ಅಲ್ಲ, ಮೊದಲ ಬೋಧನೆ.

ಒಂಬತ್ತನೆಯದು ಬೇರೆ ಕಥೆ. ಕಾಫಿ ಚೀಲದ ಬೆಲೆ ಶೇ. 20 ಏರಿ, ಆಮೇಲೆ ಶೇ. 20 ಇಳಿದರೆ ಕೊನೆಗೆ ಏನಾಗುತ್ತದೆ? ಸರಿ ಬರೆದವರು 36ರಲ್ಲಿ 7. ಮೇಲಿನವರಲ್ಲಿ 3, ಕೆಳಗಿನವರಲ್ಲಿ 2, ಸೂಚ್ಯಂಕ 0.08. ನಾಲ್ಕು ಆಯ್ಕೆ ಇರುವ ಪ್ರಶ್ನೆಗೆ ಕಣ್ಣು ಮುಚ್ಚಿ ಗುರುತು ಹಾಕಿದರೂ ಸುಮಾರು 9 ಸರಿಯಾಗಬೇಕಿತ್ತು! 25 ಮಂದಿ ‘ಬದಲಾವಣೆ ಇಲ್ಲ’ ಅಂದಿದ್ದರು, ಮೇಲಿನ ಹನ್ನೆರಡರಲ್ಲೇ 8 ಜನ. ಮಕ್ಕಳು ಊಹೆ ಮಾಡಿಲ್ಲ, ಹಾಗೇ ನಂಬಿದ್ದಾರೆ. ಇಡೀ ತರಗತಿಗೆ ಮತ್ತೆ ಮಾಡಬೇಕಾದ ಪಾಠ ಇದೊಂದೇ. ಚೀಲಕ್ಕೆ 10,000 ಅಂತ ಇಟ್ಟುಕೊಳ್ಳಿ. ಏರಿದರೆ 12,000. ಇಳಿಯೋದು 12,000ದ ಶೇ. 20, ಅಂದರೆ 2,400. ಉಳಿಯೋದು 9,600. ಎರಡನೇ ಸಲ ಶೇಕಡಾ ಯಾವುದರ ಮೇಲೆ ಅನ್ನೋದನ್ನು ಮಕ್ಕಳ ಬಾಯಲ್ಲೇ ಹೇಳಿಸಿ. ಸೂತ್ರ ಕೊಟ್ಟರೆ ಸೂತ್ರ ಮಾತ್ರ ಉಳಿಯುತ್ತದೆ.

ಹನ್ನೆರಡನೇ ಪ್ರಶ್ನೆಯಲ್ಲಿ ಲೆಕ್ಕ ಮೈನಸ್ ಬಂತು. 8,000ಕ್ಕೆ ಕೊಂಡ ಹಳೇ ಪಂಪ್‌ಸೆಟ್, 2,000 ರಿಪೇರಿ ಖರ್ಚು, 12,000ಕ್ಕೆ ಮಾರಾಟ. ‘ಸರಿ’ ಬರೆದವರು ಮೇಲೆ 2, ಕೆಳಗೆ 6. ಹೀಗೆ ಬಂದರೆ ಮಕ್ಕಳನ್ನು ಬಿಟ್ಟು ಪ್ರಶ್ನೆಯನ್ನು ಹಿಡಿಯಿರಿ. ಮೇಲಿನವರಲ್ಲಿ 9 ಮಂದಿ ಶೇ. 20 ಅಂದಿದ್ದರು, ಅದೇ ಸರಿ. ಕೀ ಉತ್ತರದಲ್ಲಿ ಶೇ. 50 ಅಂತ ಬಿದ್ದಿತ್ತು, ರಿಪೇರಿ ಖರ್ಚು ಸೇರಿಸಿರಲಿಲ್ಲ. ಕೀ ತಿದ್ದಿದ ಮೇಲೆ ಮೇಲಿನವರು 9, ಕೆಳಗಿನವರು 4, ಸೂಚ್ಯಂಕ 0.42. ಆದರೆ ಕೀ ಬದಲಾದರೆ ಒಟ್ಟು ಅಂಕವೂ ಬದಲಾಗುತ್ತದೆ, ಅಲ್ವಾ? ಹಾಗಾಗಿ ಪತ್ರಿಕೆಗಳನ್ನು ಹೊಸದಾಗಿ ಜೋಡಿಸಿ ಮತ್ತೆ ಎಣಿಸಿ. ಗಡಿಯಲ್ಲಿದ್ದ ಒಂದೆರಡು ಪತ್ರಿಕೆ ಆಚೀಚೆ ಹೋಗಬಹುದು.

ಈ ಸಂಖ್ಯೆಗಳನ್ನು ಜಾಸ್ತಿ ನಂಬಬೇಡಿ. ಹನ್ನೆರಡು ಜನರ ಗುಂಪಿನಲ್ಲಿ ಒಂದೇ ಮಗುವಿನ ಉತ್ತರ ಬದಲಾದರೂ ಸೂಚ್ಯಂಕ 0.08 ಅಲುಗಾಡುತ್ತದೆ. 0.25ಕ್ಕೂ 0.33ಕ್ಕೂ ಇರುವ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳೋದು ಬೇಡ. ಎಲ್ಲರೂ ಸರಿ ಬರೆದ ಪ್ರಶ್ನೆಗೂ ಸೂಚ್ಯಂಕ ಸೊನ್ನೆಯೇ ಬರುತ್ತದೆ, ಅದು ದೋಷವಲ್ಲ.

ಇನ್ನೊಂದು ವಿಷಯ. ನಮ್ಮ ತರಗತಿಗಳಲ್ಲಿ ಮನೆಯಲ್ಲಿ ಕೊಡವ, ಅರೆಭಾಷೆ, ಮಲಯಾಳಂ ಆಡುವ ಮಕ್ಕಳಿದ್ದಾರೆ. ಲೈನ್ ಮನೆಗಳಿಂದ ಬರುವ, ಕನ್ನಡ ಈಗಷ್ಟೇ ಕಲಿಯುತ್ತಿರುವ ಮಕ್ಕಳೂ ಇದ್ದಾರೆ. ಪಂಪ್‌ಸೆಟ್‌ನಂಥ ಮೂರು ಸಾಲಿನ ಪ್ರಶ್ನೆಯಲ್ಲಿ ಅವರು ಎಡವಿದರೆ ಅದು ಗಣಿತವೋ ಓದೋ ಗೊತ್ತಾಗುವುದಿಲ್ಲ. ಅದೇ ಲೆಕ್ಕವನ್ನು ಬೋರ್ಡಿನ ಮೇಲೆ ಬರೀ ಅಂಕಿಗಳಲ್ಲಿ ಕೊಟ್ಟು ನೋಡಿ. ಥಟ್ಟನೆ ಮಾಡಿದರೆ ಶೇಕಡಾ ಪಾಠವನ್ನು ಮತ್ತೆ ಮಾಡಬೇಕಿಲ್ಲ. ಪ್ರಶ್ನೆಯನ್ನು ಜೊತೆಗೆ ಕೂತು ಓದಿಸಬೇಕು.