‘ಪ’ ‘ಹ’ ಆದಾಗ ‘ಪಡೆ’ ಏಕೆ ಉಳಿಯಿತು?

ಓದುಗರ ಪ್ರಶ್ನೆ: ಹಳಗನ್ನಡದ ಪಾಲ್, ಪೂ, ಪುಲಿ ಎಂಬ ಪದಗಳು ಹಾಲು, ಹೂವು, ಹುಲಿ ಆದವು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಹಾಗಿದ್ದರೆ ‘ಪಡೆ’, ‘ಪಾಡು’ ಮುಂತಾದ ಅಚ್ಚಗನ್ನಡ ಪದಗಳಲ್ಲಿ ಪಕಾರ ಇಂದಿಗೂ ಏಕೆ ಇದೆ? ಧ್ವನಿಗಳು ನಿಯಮಕ್ಕೆ ಕಟ್ಟುಬಿದ್ದು ಬದಲಾಗುತ್ತವೆಯೋ, ಪದಗಳು ಒಂದೊಂದಾಗಿ ಬದಲಾಗುತ್ತವೆಯೋ?

ಇದೇ ಪ್ರಶ್ನೆಯನ್ನು ಭಾಷಾವಿಜ್ಞಾನ ಸುಮಾರು ಒಂದೂವರೆ ಶತಮಾನದಿಂದ ಕೇಳಿಕೊಳ್ಳುತ್ತಿದೆ. 1878ರಲ್ಲಿ ಜರ್ಮನಿಯ ಓಸ್ಟ್‌ಹೋಫ್ ಮತ್ತು ಬ್ರೂಗ್‌ಮನ್ ಎಂಬ ವಿದ್ವಾಂಸರು ಧ್ವನಿನಿಯಮಕ್ಕೆ ಅಪವಾದವೇ ಇಲ್ಲವೆಂದು ಸಾರಿದರು. ಇವರನ್ನು ನವವೈಯಾಕರಣರು ಎನ್ನುತ್ತಾರೆ. ಒಂದು ಸನ್ನಿವೇಶದಲ್ಲಿ ಒಂದು ಧ್ವನಿ ಬದಲಾದರೆ ಆ ಸನ್ನಿವೇಶವಿರುವ ಎಲ್ಲ ಪದಗಳಲ್ಲೂ ಅದು ಬದಲಾಗಲೇಬೇಕು. ಬದಲಾಗದ ಪದ ಕಂಡರೆ ಅದಕ್ಕೆ ಬೇರೊಂದು ಕಾರಣವನ್ನು ಹುಡುಕಬೇಕು ಎಂಬುದು ಅವರ ವಾದ. 1969ರಲ್ಲಿ ವಿಲಿಯಂ ವಾಂಗ್ ಇದಕ್ಕೆ ಎದುರಾದ ಚಿತ್ರವನ್ನು ಮುಂದಿಟ್ಟರು. ಬದಲಾವಣೆ ಒಂದು ಪದದಿಂದ ಇನ್ನೊಂದಕ್ಕೆ ಹರಡುತ್ತ ಹೋಗುತ್ತದೆ, ಅದು ಮುಗಿಯುವ ಮೊದಲೇ ಮತ್ತೊಂದು ಬದಲಾವಣೆ ಅಡ್ಡಬಂದರೆ ಕೆಲವು ಪದಗಳು ಹಳೆಯ ರೂಪದಲ್ಲೇ ಉಳಿದುಬಿಡುತ್ತವೆ ಎಂದರು. ಇದನ್ನು ಪದಪ್ರಸರಣ ಎನ್ನೋಣ.

ಮೊದಲು ನವವೈಯಾಕರಣರ ದಾರಿಯಲ್ಲೇ ಹೋಗಿ ನೋಡೋಣ, ಏಕೆಂದರೆ ಅಪವಾದಗಳಂತೆ ತೋರುವ ಬಹುಪಾಲು ಪದಗಳು ನಿಜವಾಗಿ ಅಪವಾದಗಳಲ್ಲ. ಪಕಾರ ಹಕಾರವಾದದ್ದು ಮುಖ್ಯವಾಗಿ ಪದದ ಮೊದಲಲ್ಲಿ. ಹೀಗಾಗಿ ‘ಪತ್ತು’ ಹೋಗಿ ‘ಹತ್ತು’ ಬಂದರೂ ‘ಇಪ್ಪತ್ತು’ ಇದ್ದಂತೆಯೇ ಇದೆ. ಉಪ್ಪು, ತಪ್ಪು, ಕಂಪು, ತಂಪುಗಳೂ ಹಾಗೆಯೇ ಇವೆ. ಪೂಜೆ, ಪತ್ರ, ಪುಸ್ತಕಗಳು ಸಂಸ್ಕೃತದಿಂದ ಬಂದವು, ಬರಹದ ಮತ್ತು ವಿದ್ಯಾವಂತರ ಮಾತಿನ ಬೆಂಬಲದಿಂದ ಪಕಾರವನ್ನು ಉಳಿಸಿಕೊಂಡವು. ಇವನ್ನೆಲ್ಲ ತೆಗೆದುಹಾಕಿದ ಮೇಲೆ ಕೈಯಲ್ಲಿ ಉಳಿಯುವ ಪದಗಳು ಕೆಲವೇ, ಆದರೆ ಚರ್ಚೆಯ ತಿರುಳು ಇರುವುದು ಅವುಗಳಲ್ಲಿಯೇ. ‘ಪಡೆ’ ಎಂಬ ಕ್ರಿಯಾಪದ ಹೊಂದು ಎಂಬ ಅರ್ಥದಲ್ಲಿ ಪಕಾರದೊಡನೆ ಉಳಿಯಿತು, ಹೆರು ಎಂಬ ಅರ್ಥದಲ್ಲಿ ‘ಹಡೆ’ ಆಗಿ ‘ಹಡೆದ ತಾಯಿ’ ಎಂಬಲ್ಲಿ ನಿಂತಿತು. ಒಂದೇ ಪದ, ಒಂದೇ ಸನ್ನಿವೇಶ, ಫಲ ಮಾತ್ರ ಎರಡು. ಧ್ವನಿಯ ಸನ್ನಿವೇಶವೊಂದನ್ನೇ ನೋಡುವ ನಿಯಮ ಇದನ್ನು ವಿವರಿಸಲಾರದು.

ಈಗ ಇನ್ನೊಂದು ಬದಲಾವಣೆಯನ್ನು ಇದರ ಪಕ್ಕದಲ್ಲಿಡಬೇಕು. ಹಳಗನ್ನಡದಲ್ಲಿ ಳಕಾರವಲ್ಲದೆ ೞ ಎಂಬ ಬೇರೆಯದೇ ಧ್ವನಿಯೂ ಇತ್ತು. ಬಾಳ್ ಎಂದರೆ ಕತ್ತಿ, ಬಾೞ್ ಎಂದರೆ ಬದುಕು. ಮುಂದೆ ೞಕಾರವು ವ್ಯಂಜನಕ್ಕೆ ಮೊದಲು ಬಂದಾಗ ರಕಾರವಾಯಿತು, ಉಳಿದೆಡೆ ಳಕಾರದಲ್ಲಿ ಸೇರಿಹೋಯಿತು. ಒಂದೇ ಧಾತುವಿನಲ್ಲಿ ಈ ಎರಡು ದಾರಿಗಳನ್ನೂ ಕಾಣಬಹುದು: ‘ಬೀೞ್’ ‘ಬೀಳು’ ಆಯಿತು, ‘ಬಿೞ್ದು’ ‘ಬಿರ್ದು’ವಿನ ಮೂಲಕ ‘ಬಿದ್ದು’ ಆಯಿತು. ಎರಡು ಧ್ವನಿಗಳು ಹೀಗೆ ಒಂದಾಗುವುದನ್ನು ವಿಲೀನ ಎನ್ನುತ್ತೇವೆ. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿಮಾಡಿ ಕೊಟ್ಟಿದ್ದಾನೆ. ಕಿವಿಯೇ ಹೇಳಿಕೊಡುವಂತಿದ್ದರೆ ಪಟ್ಟಿ ಏಕೆ ಬೇಕಿತ್ತು? ಆ ಹೊತ್ತಿಗೆ ಮಾತಿನಲ್ಲಿ ವಿಲೀನ ಬಹಳ ಮುಂದುವರಿದಿತ್ತು ಎಂದೇ ನಾನು ಅದನ್ನು ಓದುತ್ತೇನೆ.

ಇಂದಿನ ಕನ್ನಡದಲ್ಲಿ ೞಕಾರವನ್ನು ಉಳಿಸಿಕೊಂಡ ಪದ ಒಂದೂ ಇಲ್ಲ. ಅದು ಒಮ್ಮೆಗೇ ಹೋಯಿತೋ ಪದಪದವಾಗಿ ಹೋಯಿತೋ ಎಂಬುದನ್ನು ಇಂದಿನ ಮಾತಿನಿಂದ ತಿಳಿಯಲಾಗದು, ಏಕೆಂದರೆ ಮುಗಿದ ವಿಲೀನ ತಾನು ನಡೆದ ದಾರಿಯನ್ನು ಅಳಿಸಿಬಿಡುತ್ತದೆ. ಪಕಾರದ ಕತೆ ಬೇರೆ. ಹಳಗನ್ನಡದ ದೇಸಿ ಪದಗಳಲ್ಲಿ ಹಕಾರ ಇಲ್ಲವೆನ್ನುವಷ್ಟು ವಿರಳವಾಗಿತ್ತು, ಆದ್ದರಿಂದ ಪಕಾರ ಹೋಗಿ ಸೇರಿದ ಜಾಗ ಬಹುತೇಕ ಖಾಲಿಯಾಗಿತ್ತು ಮತ್ತು ಅರ್ಥಗಳು ಒಂದರೊಳಗೊಂದು ಬೆರೆಯಲಿಲ್ಲ. ಇತ್ತ ಪಕಾರವೂ ಸಂಸ್ಕೃತದ ಪದಗಳಲ್ಲಿ, ಇಮ್ಮಡಿಯಾದ ಪ್ಪಕಾರದಲ್ಲಿ ಜೀವಂತವಾಗಿತ್ತು. ಶಾಸನಗಳಲ್ಲಿ ಸುಮಾರು 10ನೆಯ ಶತಮಾನದಿಂದ ಹಕಾರದ ರೂಪಗಳು ಕಾಣಿಸಿಕೊಂಡು, ಹಳೆಯ ಮತ್ತು ಹೊಸ ಬರಹಗಳು ಬಹುಕಾಲ ಜೊತೆಜೊತೆಯಾಗಿ ನಡೆದವು. ಬರಹ ಮಾತಿಗಿಂತ ಹಿಂದೆ ಉಳಿಯುವುದರಿಂದ ಈ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು ಎಂಬುದು ನಿಜ. ಆದರೂ ಹಳೆಯ ಧ್ವನಿ ಭಾಷೆಯೊಳಗೆ ಬೇರೆಲ್ಲಾದರೂ ಬದುಕಿದ್ದರೆ ಮಾತ್ರ ‘ಪಡೆ’ಯಂತಹ ಶೇಷರೂಪ ಉಳಿಯಬಲ್ಲದು ಎಂಬುದು ಈ ಎರಡು ಬದಲಾವಣೆಗಳ ಹೋಲಿಕೆಯಿಂದ ಸ್ಪಷ್ಟವಾಗುತ್ತದೆ.

ನಿಯಮವಾದಿಗಳಿಗೆ ಹೆಚ್ಚಿನ ಬಲ ಸಿಗುವುದು ಸರಪಳಿ ಪಲ್ಲಟದಲ್ಲಿ. ಒಂದು ಧ್ವನಿ ತನ್ನ ಸ್ಥಾನ ಬಿಟ್ಟು ಸರಿದಾಗ ಮತ್ತೊಂದು ಧ್ವನಿ ಆ ಸ್ಥಾನಕ್ಕೆ ಬರುವುದನ್ನು ಹೀಗೆನ್ನುತ್ತಾರೆ. ಜಾರ್ಖಂಡ್, ಛತ್ತೀಸಗಢದ ಕಡೆ ಆಡುವ ಕುಡುಖ್ ನಮ್ಮ ನುಡಿಯ ದೂರದ ಸೋದರಿ. ಅಲ್ಲಿ ಮೂಲದ್ರಾವಿಡದ ಕಕಾರ, ಇಕಾರಕ್ಕೆ ಮೊದಲು ಬಂದಾಗ ಹೊರತು ಉಳಿದೆಡೆ, ಗಂಟಲಿನಲ್ಲಿ ಉಜ್ಜಿ ಹೊರಡುವ ಒಂದು ಖಕಾರವಾಯಿತು. ನಮ್ಮ ‘ಕಣ್’ ಅಲ್ಲಿ ‘ಖನ್ನ್’. ಇತ್ತ ಉಕಾರಕ್ಕೆ ಮೊದಲು ಬಂದ ಮೂಲ ಚಕಾರ ಕಕಾರವಾಯಿತು. ನಮ್ಮ ‘ಸುಡು’ವಿಗೆ ಜೋಡಿಯಾದ ಧಾತು ಅಲ್ಲಿ ಕಕಾರದಿಂದಲೇ ಮೊದಲಾಗುತ್ತದೆ. ಈ ಹೊಸ ಕಕಾರ ಮುಂದೆ ಸರಿದು ಖಕಾರವಾಗಲಿಲ್ಲ. ಅಂದರೆ ಹಳೆಯ ಕಕಾರ ಜಾಗ ಖಾಲಿಮಾಡಿದ ಮೇಲೆಯೇ ಇದು ಬಂದು ಕೂತಿರಬೇಕು. ಹಳೆಯ ಕಕಾರದ ಪದಗಳಲ್ಲಿ ಅರ್ಧದಷ್ಟು ಹಿಂದೆಯೇ ಉಳಿದಿದ್ದರೆ ಹೊಸ ಕಕಾರದ ಪದಗಳು ಅವುಗಳೊಡನೆ ಬೆರೆತುಹೋಗುತ್ತಿದ್ದವು. ಇಡೀ ವರ್ಗ ಒಟ್ಟಾಗಿ ಸರಿಯದೆ ಇಂತಹ ಅಚ್ಚುಕಟ್ಟು ಸಾಧ್ಯವಾಗುವುದು ಕಷ್ಟ.

ಹಾಗಾದರೆ ಯಾರು ಸರಿ? ನನಗೆ ಹೆಚ್ಚು ಒಪ್ಪಿಗೆಯಾಗುವ ಉತ್ತರ ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿಯವರು ಮಧ್ಯಭಾರತದ ದ್ರಾವಿಡ ನುಡಿಯಾದ ಗೊಂಡಿಯ ಉಪಭಾಷೆಗಳನ್ನು ಪರಿಶೀಲಿಸಿ 1998ರಲ್ಲಿ ಕೊಟ್ಟದ್ದು. ಗೊಂಡಿಯಲ್ಲಿ ಪದದ ಮೊದಲ ಸಕಾರ ಹಕಾರವಾಗಿ ಆಮೇಲೆ ಲೋಪವಾಗುತ್ತದೆ. ಕೊಡು ಎಂಬ ಅರ್ಥದ ಧಾತು ಒಂದೆಡೆ ‘ಸೀ’, ಇನ್ನೊಂದೆಡೆ ‘ಹೀ’, ಮತ್ತೊಂದೆಡೆ ಬರಿಯ ‘ಈ’. ಎಲ್ಲ ಊರುಗಳಲ್ಲೂ ಎಲ್ಲ ಪದಗಳೂ ಒಂದೇ ಹಂತದಲ್ಲಿಲ್ಲ. ಬದಲಾವಣೆ ಪದದಿಂದ ಪದಕ್ಕೆ, ಊರಿನಿಂದ ಊರಿಗೆ ಹರಡಿದೆ. ಆದರೆ ಕೊನೆಮುಟ್ಟಿದ ಕಡೆ ಅದು ಸಂಪೂರ್ಣ ನಿಯತವಾಗಿ ಕಾಣುತ್ತದೆ. ಪ್ರಸರಣ ದಾರಿಯಾದರೆ ನಿಯಮ ಆ ದಾರಿ ಮುಟ್ಟುವ ಕೊನೆ, ಆದ್ದರಿಂದ ಎರಡನ್ನೂ ಒಂದಕ್ಕೊಂದು ಎದುರು ನಿಲ್ಲಿಸಬೇಕಾಗಿಲ್ಲ.

ಕನ್ನಡದಲ್ಲಿ ಇದನ್ನು ಪರೀಕ್ಷಿಸುವ ಅವಕಾಶ ಈಗಲೂ ಇದೆ. ಮೈಸೂರು, ಮಂಡ್ಯದ ಕಡೆಯ ಹಳ್ಳಿಯ ಮಾತಿನಲ್ಲಿ ಅದೇ ಹಕಾರ ಬಿದ್ದುಹೋಗಿ ಹಾಲು ‘ಆಲು’, ಹತ್ತು ‘ಅತ್ತು’ ಆಗಿದೆ. ಈ ಬಾರಿ ಜಾಗ ಖಾಲಿಯಿಲ್ಲ, ಹಾಡುವುದೂ ಆಡುವುದೂ ಒಂದಾಗುತ್ತವೆ. ಅಕ್ಕಿಯನ್ನು ‘ಹಕ್ಕಿ’ ಎನ್ನುವ ಅತಿತಿದ್ದುಪಡಿ ವಿಲೀನವಾದದ್ದರ ಗುರುತೇ ಹೊರತು ಅಜ್ಞಾನವಲ್ಲ. ಅಲ್ಲಿ ಕೇಳಬೇಕಾದದ್ದು ಒಬ್ಬೊಬ್ಬ ವ್ಯಕ್ತಿಯ ಸಹಜ ಮಾತನ್ನು: ಯಾವ ಪದಗಳಲ್ಲಿ ಹಕಾರ ಎಂದೂ ಬರುವುದಿಲ್ಲ, ಯಾವುವುಗಳಲ್ಲಿ ಆಗಾಗ ಬರುತ್ತದೆ, ದಿನಬಳಕೆಯ ಪದಗಳು ಮುಂದಿವೆಯೇ ಎಂದು. ಒಬ್ಬರ ಬಾಯಲ್ಲಿ ‘ಹಸು’ವಿನ ಹಕಾರ ಪೂರ್ತಿ ಬಿದ್ದು ‘ಹರಳು’ವಿನದು ನಿಂತಿದ್ದರೆ, ಅದು ಪ್ರಸರಣದ ಸಾಕ್ಷ್ಯ. ಎಲ್ಲ ಪದಗಳಲ್ಲೂ ಅದು ಒಂದೇ ಪ್ರಮಾಣದಲ್ಲಿ ಬಂದುಹೋಗುತ್ತಿದ್ದರೆ, ಪದಗಳನ್ನು ಲೆಕ್ಕಿಸದೆ ಧ್ವನಿಯೇ ಸರಿಯುತ್ತಿದೆ ಎಂದರ್ಥ.