ಬ್ಲೂಟೂತ್ ಹೆಡ್‌ಫೋನ್: ಒಂದು ಪಾಯಿಂಟ್‌ಗೆ ಕೇಳಲ್ಲ, ಇನ್ನೊಂದಕ್ಕೆ ಕಿವಿ ಗುಂಯ್

ಅಂಗಡಿಗೆ ಬರುವ ಬ್ಲೂಟೂತ್ ದೂರುಗಳಲ್ಲಿ ಇದು ಮಾಮೂಲಿ. "ಸರ್, ಒಂದು ಪಾಯಿಂಟ್ ಇಟ್ರೆ ಏನೂ ಕೇಳ್ಸಲ್ಲ, ಇನ್ನೊಂದು ಏರಿಸಿದ್ರೆ ಜೋರು. ಮಧ್ಯದಲ್ಲಿ ಏನೂ ಇಲ್ಲ." ಹೆಚ್ಚಿನವರು ಹೆಡ್‌ಫೋನ್ ಕೆಟ್ಟಿದೆ ಅಂದುಕೊಂಡೇ ಬರುತ್ತಾರೆ. ಕೆಲವರು ಅಷ್ಟರಲ್ಲಿ ಹೊಸದನ್ನೂ ಕೊಂಡಿರುತ್ತಾರೆ, ಅದರಲ್ಲೂ ಅದೇ ಕಥೆ. ನಿಜಕ್ಕೂ ಕೆಟ್ಟಿರುವುದು ಕಡಿಮೆ. ಫೋನಿನ ವಾಲ್ಯೂಮ್ ಲೆಕ್ಕಕ್ಕೂ ಹೆಡ್‌ಫೋನಿನ ವಾಲ್ಯೂಮ್ ಲೆಕ್ಕಕ್ಕೂ ತಾಳೆ ಆಗುತ್ತಿರುವುದಿಲ್ಲ, ಅಷ್ಟೇ.

ತಂತಿ ಇರುವ ಇಯರ್‌ಫೋನಿನಲ್ಲಿ ಈ ಜಗಳ ಇರಲಿಲ್ಲ. ಆಂಪ್ಲಿಫೈಯರ್ ಫೋನಿನೊಳಗೇ ಇತ್ತು, ವಾಲ್ಯೂಮ್ ಕೂಡ ಅಲ್ಲೇ ಇತ್ತು. ಬ್ಲೂಟೂತ್‌ನಲ್ಲಿ ಆಂಪ್ಲಿಫೈಯರ್ ಹೆಡ್‌ಫೋನಿನೊಳಗೆ ಹೋಯಿತು. ಆದ್ದರಿಂದ ವಾಲ್ಯೂಮ್ ಬದಲಿಸುವ ಜಾಗ ಎರಡಾಯಿತು. ಫೋನು ತಾನು ಕಳಿಸುವ ಶಬ್ದವನ್ನೇ ತಗ್ಗಿಸಿ ಕಳಿಸಬಹುದು. ಹೆಡ್‌ಫೋನು ಬಂದದ್ದನ್ನು ಎಷ್ಟು ಜೋರಾಗಿ ನುಡಿಸಬೇಕು ಅಂತ ತಾನೂ ನಿರ್ಧರಿಸಬಹುದು. ಓವರ್‌ಹೆಡ್ ಟ್ಯಾಂಕಿನ ಪೈಪಿಗೆ ಮೇಲೊಂದು ಗೇಟ್ ವಾಲ್ವ್, ಕೆಳಗೊಂದು ನಲ್ಲಿ ಇದ್ದ ಹಾಗೆ. ಮೇಲಿನ ವಾಲ್ವ್ ಅರ್ಧ ಮುಚ್ಚಿದ್ದರೆ ಕೆಳಗಿನ ನಲ್ಲಿ ಪೂರ್ತಿ ತಿರುಗಿಸಿದರೂ ನೀರು ಸಣ್ಣಗೇ ಬರುತ್ತದೆ.

ಹಳೆಯ ಹೆಡ್‌ಸೆಟ್‌ಗಳಲ್ಲಿ ಹೀಗೇ ಎರಡೂ ಬೇರೆ ಬೇರೆ ಇದ್ದವು. ಆಮೇಲೆ ಬ್ಲೂಟೂತ್‌ನ ರಿಮೋಟ್ ಕಂಟ್ರೋಲ್ ನಿಯಮಗಳಲ್ಲಿ, ಅಂದರೆ ಎವಿಆರ್‌ಸಿಪಿಯ 1.4 ಆವೃತ್ತಿಯಲ್ಲಿ, ಆಬ್ಸಲ್ಯೂಟ್ ವಾಲ್ಯೂಮ್ ಅನ್ನುವ ವ್ಯವಸ್ಥೆ ಬಂತು. ಆಂಡ್ರಾಯ್ಡ್ ಫೋನುಗಳಿಗೆ ಇದು 2015ರ 6.0 ಆವೃತ್ತಿಯ ಹೊತ್ತಿಗೆ ಬಂತು. ಇದರಲ್ಲಿ ಫೋನು ಶಬ್ದವನ್ನು ತಗ್ಗಿಸದೆ ಪೂರ್ತಿಯಾಗಿಯೇ ಕಳಿಸುತ್ತದೆ. ಜೊತೆಗೆ 0ರಿಂದ 127ರವರೆಗಿನ ಒಂದು ಸಂಖ್ಯೆಯನ್ನು ಕಳಿಸುತ್ತದೆ. ಹೆಡ್‌ಫೋನು ಆ ಸಂಖ್ಯೆ ನೋಡಿ ತನ್ನ ಆಂಪ್ಲಿಫೈಯರ್ ಹೊಂದಿಸಿಕೊಳ್ಳುತ್ತದೆ. ನೀವು ಎಲ್ಲಿ ಒತ್ತಿದರೂ ಎರಡೂ ಒಟ್ಟಿಗೆ ಏರಬೇಕು, ಒಟ್ಟಿಗೆ ಇಳಿಯಬೇಕು.

ಯೋಚನೆ ಒಳ್ಳೆಯದೇ. ಆದರೆ 127 ಅಂದರೆ ಪೂರ್ತಿ, 0 ಅಂದರೆ ಇಲ್ಲ, ಇಷ್ಟನ್ನು ಮಾತ್ರ ನಿಯಮ ಹೇಳುತ್ತದೆ. ನಡುವಿನ 40 ಅಂದರೆ ಎಷ್ಟು ಡೆಸಿಬಲ್ ಅಂತ ಹೇಳುವುದಿಲ್ಲ. ಅದು ಹೆಡ್‌ಫೋನ್ ತಯಾರಿಸಿದವರಿಗೆ ಬಿಟ್ಟದ್ದು. ಕಷ್ಟ ಹುಟ್ಟುವುದೇ ಇಲ್ಲಿ.

ಒಂದು ಕೇಸ್ ಬಿಡಿಸಿ ಹೇಳುತ್ತೇನೆ. ನಿವೃತ್ತ ಮೇಷ್ಟ್ರೊಬ್ಬರು ರಾತ್ರಿ ಮಲಗುವ ಮುಂಚೆ ನೆಕ್‌ಬ್ಯಾಂಡ್ ಹಾಕಿಕೊಂಡು ಯಕ್ಷಗಾನ ಕೇಳುತ್ತಾರೆ. ಮೊದಲ ಪಾಯಿಂಟ್‌ನಲ್ಲಿ ಏನೂ ಇಲ್ಲ, ಆಮೇಲಿನದರಲ್ಲಿ ಚೆಂಡೆ ನೇರ ತಲೆಯೊಳಗೆ ಬಡಿದ ಹಾಗೆ ಅಂದರು. ಅವರ ಆಂಡ್ರಾಯ್ಡ್ ಫೋನಿನಲ್ಲಿ ಮೀಡಿಯಾ ವಾಲ್ಯೂಮ್‌ಗೆ 15 ಮೆಟ್ಟಿಲು. ಎಷ್ಟೋ ಫೋನುಗಳಲ್ಲಿ ಇರುವುದು ಇಷ್ಟೇ. ಒಂದೇ ಮಟ್ಟದಲ್ಲಿ ಕೂಗುವ ಟೋನ್ ಒಂದನ್ನು ನುಡಿಸಿ, ಒಂದೊಂದೇ ಮೆಟ್ಟಿಲು ಏರಿಸುತ್ತಾ ಹೋದೆ. ಹಾಡು ಹಾಕಿ ಪರೀಕ್ಷಿಸಬೇಡಿ. ಹಾಡೇ ಏರಿಳಿಯುವುದರಿಂದ ಏನೂ ಗೊತ್ತಾಗುವುದಿಲ್ಲ. 1ರಲ್ಲಿ ಮೌನ. 2ರಲ್ಲಿ ಜೋರು. 3ರಲ್ಲಿ ಎಳ್ಳಷ್ಟೂ ವ್ಯತ್ಯಾಸ ಇಲ್ಲ. 4ಕ್ಕೆ ಮತ್ತೆ ನೆಗೆತ. 6 ಮತ್ತು 7 ಒಂದೇ.

ಆಮೇಲೆ ನೆಕ್‌ಬ್ಯಾಂಡಿನದೇ ಗುಂಡಿ ಒತ್ತಿ ಎಣಿಸಿದೆ. ಮೌನದಿಂದ ತುದಿಯವರೆಗೆ ಅದಕ್ಕಿದ್ದದ್ದು 10 ಮೆಟ್ಟಿಲು ಮಾತ್ರ. ಈಗ ಲೆಕ್ಕ ಹಾಕಿ. ಫೋನಿನ 1ನೇ ಮೆಟ್ಟಿಲಿಗೆ ಹೋಗುವ ಸಂಖ್ಯೆ ಸುಮಾರು 8. ನೆಕ್‌ಬ್ಯಾಂಡ್ ಇದನ್ನು ತನ್ನ ಹತ್ತರ ಲೆಕ್ಕಕ್ಕೆ ಇಳಿಸಿದಾಗ 0.6 ಬರುತ್ತದೆ. ದಶಾಂಶ ಕೈಬಿಟ್ಟರೆ ಸೊನ್ನೆ, ಅಂದರೆ ಮೌನ. 2ನೇ ಮೆಟ್ಟಿಲಿಗೆ 17 ಹೋಗುತ್ತದೆ, ಅದು 1.3, ಅಂದರೆ 1. 3ನೇ ಮೆಟ್ಟಿಲಿಗೆ 25, ಅದು 1.97. ಎರಡಕ್ಕೆ ಕೂದಲೆಳೆಯಷ್ಟು ಕಡಿಮೆ, ಹಾಗಾಗಿ ಅದೂ 1. 4ನೇ ಮೆಟ್ಟಿಲಿಗೆ 34 ಹೋದಾಗ 2ಕ್ಕೆ ಹಾರುತ್ತದೆ. ನಾನು ಕಿವಿಯಲ್ಲಿ ಕೇಳಿದ್ದೂ ಈ ಲೆಕ್ಕವೂ ಸರಿಯಾಗಿ ಹೊಂದಿಕೊಂಡವು.

ನೆಕ್‌ಬ್ಯಾಂಡಿನ ಮೊದಲ ಮೆಟ್ಟಿಲೇ ಅಷ್ಟು ಜೋರು ಯಾಕೆ? ಅದು ಇನ್ನೊಂದು ವಿಷಯ. ನಮ್ಮ ಕಿವಿ ಶಬ್ದವನ್ನು ಕೂಡುವ ಲೆಕ್ಕದಲ್ಲಿ ಅಳೆಯುವುದಿಲ್ಲ, ಎಷ್ಟು ಪಟ್ಟು ಅನ್ನುವ ಲೆಕ್ಕದಲ್ಲಿ ಅಳೆಯುತ್ತದೆ. ಸುಮಾರು 10 ಡೆಸಿಬಲ್ ಏರಿದರೆ ಶಬ್ದ ಎರಡರಷ್ಟಾದ ಹಾಗೆ ಅನಿಸುತ್ತದೆ. ತಯಾರಿಸಿದವರು ಇದನ್ನು ಲೆಕ್ಕಿಸದೆ, ಪೂರ್ತಿ ಸಿಗ್ನಲ್ಲನ್ನು ಹತ್ತು ಸಮಪಾಲು ಮಾಡಿಬಿಟ್ಟರು ಅನ್ನಿ. ಆಗ ಮೊದಲ ಮೆಟ್ಟಿಲು ಪೂರ್ತಿ ವಾಲ್ಯೂಮ್‌ಗಿಂತ ಬರೀ 20 ಡೆಸಿಬಲ್ ಕೆಳಗೆ ಬರುತ್ತದೆ. ರಾತ್ರಿಯ ನಿಶ್ಶಬ್ದದಲ್ಲಿ ಅದು ಜೋರೇ. ಅಲ್ಲಿಂದ ಎರಡನೆಯದಕ್ಕೆ 6 ಡೆಸಿಬಲ್ ನೆಗೆತ. ಆದರೆ ಒಂಬತ್ತರಿಂದ ಹತ್ತಕ್ಕೆ ಒಂದು ಡೆಸಿಬಲ್ ಕೂಡ ಏರುವುದಿಲ್ಲ. ಕೆಳಗೆ ವಿಪರೀತ ನೆಗೆತ, ಮೇಲೆ ಒತ್ತಿದರೂ ಏನೂ ಆಗದಿರುವುದು, ಎರಡೂ ಒಟ್ಟಿಗೆ ಕಂಡರೆ ಕಾರಣ ಬಹುತೇಕ ಇದೇ. ಆಂಡ್ರಾಯ್ಡ್‌ನ ಮೂಲ ಕೋಡಿನಲ್ಲಿರುವ ಮಾಮೂಲಿ ಮೀಡಿಯಾ ವಾಲ್ಯೂಮ್ ಪಟ್ಟಿಯಲ್ಲಿ ತಳದ ಮಟ್ಟ ಪೂರ್ತಿಗಿಂತ 58 ಡೆಸಿಬಲ್ ಕೆಳಗಿದೆ. ಮೆಲ್ಲಗೆ ಕೇಳುವವರಿಗೆ ಅಲ್ಲಿ ಬೇಕಾದಷ್ಟು ಜಾಗ ಇದೆ.

ಹಾಗಾದರೆ ವಾಲ್ಯೂಮ್ ಕೆಲಸವನ್ನು ಫೋನಿಗೇ ವಾಪಸ್ ಕೊಟ್ಟರೆ ಆಯಿತಲ್ವಾ? ಮೇಷ್ಟ್ರಿಗೆ ಮಾಡಿಕೊಟ್ಟದ್ದು ಅದನ್ನೇ.

ಆಂಡ್ರಾಯ್ಡ್‌ನಲ್ಲಿ `Settings` ಒಳಗೆ `About phone`ಗೆ ಹೋಗಿ `Build number` ಮೇಲೆ ಏಳು ಸಲ ತಟ್ಟಿ. `Developer options` ತೆರೆದುಕೊಳ್ಳುತ್ತದೆ. ಅದರಲ್ಲಿ ಬ್ಲೂಟೂತ್ ಸಾಲುಗಳ ನಡುವೆ `Disable absolute volume` ಅಂತ ಇರುತ್ತದೆ. ಅದನ್ನು ಆನ್ ಮಾಡಿ, ಫೋನನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ಮತ್ತೆ ಕನೆಕ್ಟ್ ಮಾಡಿ. ಸ್ಯಾಮ್ಸಂಗ್ ಫೋನುಗಳಲ್ಲಿ ಬ್ಲೂಟೂತ್ ಸೆಟ್ಟಿಂಗ್ ಒಳಗೇ `Media volume sync` ಅನ್ನುವ ಆಯ್ಕೆ ಸಿಗುತ್ತದೆ, ಅದನ್ನು ಆಫ್ ಮಾಡಿದರೂ ಅದೇ ಕೆಲಸ. ಡೆವಲಪರ್ ಪಟ್ಟಿಯಲ್ಲಿರುವ ಬೇರೆ ಯಾವುದನ್ನೂ ಸುಮ್ನೆ ಮುಟ್ಟಲು ಹೋಗಬೇಡಿ.

ಈ ಹಂತದಲ್ಲಿ ಹೆಡ್‌ಫೋನ್ ಕಿವಿಯಲ್ಲಿರಬಾರದು. ಎರಡು ವಾಲ್ಯೂಮ್‌ಗಳ ಸಂಬಂಧ ಕಡಿದ ಮೇಲೆ ಹೆಡ್‌ಫೋನ್ ಯಾವ ಮಟ್ಟದಲ್ಲಿ ಎದ್ದು ಕೂರುತ್ತದೆ ಅನ್ನುವುದು ಒಂದೊಂದರಲ್ಲಿ ಒಂದೊಂದು ಥರ. ಕೆಲವು ಹಿಂದಿನದನ್ನೇ ಹಿಡಿದುಕೊಂಡಿರುತ್ತವೆ, ಕೆಲವು ನೇರ ತುದಿಗೇ ಹೋಗುತ್ತವೆ. ಫೋನಿನ ವಾಲ್ಯೂಮ್ ತಳಕ್ಕಿಳಿಸಿ, ಹೆಡ್‌ಫೋನನ್ನು ಕೈಯಲ್ಲಿ ಹಿಡಿದು ನುಡಿಸಿ ನೋಡಿ, ಆಮೇಲೆ ಹಾಕಿಕೊಳ್ಳಿ.

ಈಗ ಎರಡು ವಾಲ್ವ್ ಬೇರೆ ಬೇರೆಯಾದವು. ಹೆಡ್‌ಫೋನಿನ ಗುಂಡಿಯಿಂದ ಅದರ ಮಟ್ಟವನ್ನು ಒಂದು ಸಲ ಹೊಂದಿಸಿ ಬಿಟ್ಟುಬಿಡಬೇಕು. ಎಲ್ಲಿ ಹೊಂದಿಸುವುದು? ನಾನು ಮಾಡುವುದು ಹೀಗೆ. ಫೋನಿನ ವಾಲ್ಯೂಮ್ ಮುಕ್ಕಾಲು ಭಾಗಕ್ಕಿಂತ ಸ್ವಲ್ಪ ಮೇಲಿಡುತ್ತೇನೆ. ಗಿರಾಕಿಗೆ ಯಾವತ್ತೂ ಬೇಕಾಗಬಹುದಾದ ಅತಿ ಜೋರು ಎಷ್ಟೋ, ಅಷ್ಟು ಬರುವವರೆಗೆ ಮಾತ್ರ ಹೆಡ್‌ಫೋನನ್ನು ಏರಿಸುತ್ತೇನೆ. ಮೇಷ್ಟ್ರಿಗೆ ನೆಕ್‌ಬ್ಯಾಂಡಿನ 3ನೇ ಮೆಟ್ಟಿಲು ಸಾಕಾಯಿತು. ಅಲ್ಲಿಂದ ಕೆಳಗೆ ಫೋನಿನ ಹದಿನೈದೂ ಮೆಟ್ಟಿಲು ಅವರ ಕೈಯಲ್ಲಿ. "ಈಗ ಭಾಗವತರು ಪಕ್ಕದ ರೂಮಲ್ಲಿ ಕೂತು ಹಾಡ್ದಂಗಿದೆ" ಅಂದರು.

ಸೋಮಾರಿತನಕ್ಕೆ ಹೆಡ್‌ಫೋನನ್ನು ತುದಿಗೇರಿಸಿಟ್ಟು ಫೋನನ್ನು ಒಂದೆರಡರಲ್ಲಿ ಇಟ್ಟರೆ? ಕೇಳುತ್ತದೆ, ಆದರೆ ಹಿಂದೆ ಸುಯ್ ಅನ್ನುವ ಸದ್ದು ಬರುತ್ತದೆ. ಫೋನು ಶಬ್ದವನ್ನು ತಗ್ಗಿಸಿ ಕಳಿಸುತ್ತದೆ, ಆಂಪ್ಲಿಫೈಯರ್ ತನ್ನ ಒಳಗಿನ ಗುಸುಗುಸುವನ್ನೂ ಸೇರಿಸಿ ದೊಡ್ಡದು ಮಾಡುತ್ತದೆ. ಪಾಡ್‌ಕಾಸ್ಟ್‌ಗೆ ಪರವಾಗಿಲ್ಲ, ತಂಬೂರಿ ಶ್ರುತಿ ಕೇಳುವವರಿಗೆ ಆಗದು.

ತೊಂದರೆ ಇರುವುದು ವಾಲ್ಯೂಮ್ ಗುಂಡಿಯೇ ಇಲ್ಲದ ಪುಟ್ಟ ಇಯರ್‌ಬಡ್‌ಗಳಲ್ಲಿ. ಸಂಬಂಧ ಕಡಿದ ಮೇಲೆ ಅವುಗಳ ಮಟ್ಟ ಬದಲಿಸಲು ದಾರಿಯೇ ಇರುವುದಿಲ್ಲ. ಆಗ ಒಂದು ಉಪಾಯ ಮಾಡಿ ನೋಡಬಹುದು. ಮೊದಲು ಸಿಂಕ್ ಇರುವಾಗಲೇ ಫೋನಿನಲ್ಲಿ ವಾಲ್ಯೂಮ್ ಅರ್ಧಕ್ಕಿಡಿ, ಆಮೇಲೆ ಆಯ್ಕೆ ಬದಲಿಸಿ. ಕೊನೆಯ ಮಟ್ಟವನ್ನು ನೆನಪಿಟ್ಟುಕೊಳ್ಳುವ ಇಯರ್‌ಬಡ್ ಆದರೆ ಅಲ್ಲೇ ನಿಲ್ಲುತ್ತದೆ. ನಿಲ್ಲದೆ ತುದಿಗೆ ಹಾರಿದರೂ, ತೀರಾ ಸಣ್ಣಗಾದರೂ, ಆಯ್ಕೆಯನ್ನು ಮೊದಲಿನಂತೆ ಮಾಡಿಬಿಡಿ. ಆ ಜೋಡಿಗೆ ಈ ಮದ್ದು ಆಗಿಬರುವುದಿಲ್ಲ.

ಐಫೋನಿನಲ್ಲಿ ಇಂಥ ಸ್ವಿಚ್ಚೇ ಇಲ್ಲ. ಪಕ್ಕದ ಗುಂಡಿ ಒತ್ತುವ ಬದಲು ಕಂಟ್ರೋಲ್ ಸೆಂಟರಿನ ಸ್ಲೈಡರ್ ಎಳೆದರೆ ಗುಂಡಿಗಿಂತ ಸಣ್ಣ ಹೆಜ್ಜೆ ಸಿಗುತ್ತದೆ. ಆದರೆ ಆ ಕಡೆ ಹತ್ತೇ ಮೆಟ್ಟಿಲಿನ ಹೆಡ್‌ಫೋನ್ ಇದ್ದರೆ ಅದೂ ಹತ್ತಕ್ಕೇ ಬಂದು ನಿಲ್ಲುತ್ತದೆ.

ಇನ್ನೊಂದು ಬಗೆಯ ದೂರು ಇದೆ: ಕೇಳುವಾಗ ಸರಿ ಇರುತ್ತದೆ, ಕನೆಕ್ಟ್ ಆದ ಕ್ಷಣ ಮಾತ್ರ ಕಿವಿ ಗುಂಯ್. ಫೋನು ಪ್ರತಿ ಹೆಡ್‌ಫೋನಿಗೂ ಕೊನೆಯ ವಾಲ್ಯೂಮ್ ನೆನಪಿಟ್ಟುಕೊಂಡಿರುತ್ತದೆ. ನಿನ್ನೆ ಬಸ್ಸಿನಲ್ಲಿ 12ಕ್ಕಿಟ್ಟು ಕೇಳಿದ್ದರೆ ಇವತ್ತು ಮನೆಯಲ್ಲೂ ಅದನ್ನೇ ಕಳಿಸುತ್ತದೆ. ಒಂದೇ ಹೆಡ್‌ಫೋನು ಲ್ಯಾಪ್‌ಟಾಪಿಗೂ ಫೋನಿಗೂ ಒಟ್ಟಿಗೆ ಜೋಡಿಯಾಗಿದ್ದರೆ ಗೊಂದಲ ಜಾಸ್ತಿ, ಎರಡೂ ತಮ್ಮ ತಮ್ಮ ಸಂಖ್ಯೆ ಕಳಿಸುತ್ತವೆ. ಯಾವ ಕಡೆಯಿಂದ ನೆಗೆತ ಬರುತ್ತಿದೆ ಅಂತ ತಿಳಿಯಲು ಲ್ಯಾಪ್‌ಟಾಪಿನ ಬ್ಲೂಟೂತ್ ಆಫ್ ಮಾಡಿ ಒಂದು ದಿನ ಬಳಸಿ. ಲ್ಯಾಪ್‌ಟಾಪೇ ಕಾರಣ ಅಂತಾದರೆ, ವಿಂಡೋಸ್‌ನಲ್ಲಿ ರಿಜಿಸ್ಟ್ರಿಯ ಈ ಜಾಗಕ್ಕೆ ಹೋಗಿ:

```
HKLM\SYSTEM\ControlSet001\Control\Bluetooth\Audio\AVRCP\CT
DisableAbsoluteVolume = 1
```

ಇದು `DWORD` ಬಗೆಯ ಮೌಲ್ಯ. ಇಲ್ಲದಿದ್ದರೆ ಹೊಸದಾಗಿ ಸೇರಿಸಿ ರೀಸ್ಟಾರ್ಟ್ ಮಾಡಬೇಕು. ರಿಜಿಸ್ಟ್ರಿ ಅಭ್ಯಾಸ ಇಲ್ಲದವರು ಗೊತ್ತಿದ್ದವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ.

ಕರೆ ಬಂದಾಗಿನ ವಾಲ್ಯೂಮ್ ಇದಕ್ಕೆಲ್ಲ ಸೇರುವುದಿಲ್ಲ. ಅದು ಬೇರೆಯೇ ದಾರಿಯಲ್ಲಿ ಹೋಗುತ್ತದೆ, ಅದರ ಲೆಕ್ಕ 0ರಿಂದ 15. ಹಾಡು ಸರಿಹೋದ ಮೇಲೂ ಫೋನ್ ಮಾತು ಸಣ್ಣಗಿದ್ದರೆ, ಕರೆ ನಡೆಯುತ್ತಿರುವಾಗಲೇ ಗುಂಡಿ ಒತ್ತಿ ಏರಿಸಬೇಕು. ಬೇರೆ ಹೊತ್ತಿನಲ್ಲಿ ಒತ್ತಿದರೆ ಹಾಡಿನದ್ದು ಏರುತ್ತದೆ.

ಒಂದೇ ಕಿವಿಯಲ್ಲಿ ಸಣ್ಣಗೆ ಕೇಳುತ್ತಿದ್ದರೆ ಮಾತ್ರ ಸೆಟ್ಟಿಂಗ್ ಹುಡುಕಲು ಹೋಗಬೇಡಿ. ರಬ್ಬರ್ ತುದಿ ತೆಗೆದು ಒಳಗಿನ ಜಾಲರಿ ನೋಡಿ. ಕಿವಿಯ ಗುಗ್ಗೆ ಕಟ್ಟಿಕೊಂಡಿರುತ್ತದೆ. ಒಣಗಿದ ಮೆತ್ತನೆಯ ಬ್ರಷ್‌ನಿಂದ, ಜಾಲರಿ ಕೆಳಮುಖವಾಗಿ ಹಿಡಿದು ಉಜ್ಜಿ. ಪಿನ್ನಿನಿಂದ ಚುಚ್ಚಿದರೆ ಗುಗ್ಗೆ ಇನ್ನೂ ಒಳಗೆ ಹೋಗುತ್ತದೆ, ಆಮೇಲೆ ನನ್ನ ಹತ್ತಿರ ತಂದರೂ ಪ್ರಯೋಜನ ಇರುವುದಿಲ್ಲ.