ಇನ್ನೂರು ಅಂಗಡಿಗಳನ್ನು ಹಂಚುವುದು ಹೇಗೆ?

ಚಿಕ್ಕಪೇಟೆಯಂತಹ ಮಾರುಕಟ್ಟೆಯಲ್ಲಿ ಒಂದು ಅಂಗಡಿಯ ಸರಾಸರಿ ದಿನವಹಿ ವ್ಯಾಪಾರ ಎಷ್ಟೆಂದು ಅಂದಾಜು ಮಾಡಬೇಕು ಎಂದುಕೊಳ್ಳಿ. ಲೆಕ್ಕ ಸುಲಭವಾಗಲೆಂದು ದುಂಡು ಅಂಕಿಗಳನ್ನೇ ಹಿಡಿಯುತ್ತೇನೆ. ಒಟ್ಟು 2,000 ಅಂಗಡಿಗಳಲ್ಲಿ 1,400 ಪುಟ್ಟ ಅಂಗಡಿಗಳು, 500 ಮಧ್ಯಮ ಗಾತ್ರದವು, 100 ಸಗಟು ಮಳಿಗೆಗಳು. ಇವೇ ನಮ್ಮ ಮೂರು ಸ್ತರಗಳು. ನಮ್ಮ ಕೈಯಲ್ಲಿರುವ ದುಡ್ಡು ಮತ್ತು ದಿನಗಳಲ್ಲಿ 200 ಅಂಗಡಿಗಳಿಗೆ ಮಾತ್ರ ಹೋಗಬಹುದು.

ಪ್ರಮಾಣಾನುಗುಣ ಹಂಚಿಕೆಯಲ್ಲಿ ಪ್ರತಿ ಸ್ತರದಿಂದಲೂ ಹತ್ತಕ್ಕೊಂದು ಅಂಗಡಿ: 140, 50, 10. ನೋಡಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಪುಟ್ಟ ಅಂಗಡಿಗಳ ವ್ಯಾಪಾರ ಹೆಚ್ಚುಕಡಿಮೆ ಒಂದೇ ಸಮ. ಅನ್ನ ಬೆಂದಿದೆಯೇ ಎಂದು ನೋಡಲು ಒಂದೆರಡು ಅಗುಳು ಸಾಕು. ಸಗಟು ಮಳಿಗೆಗಳು ಹಾಗಲ್ಲ. ಒಂದರಲ್ಲಿ ಇಪ್ಪತ್ತು ಸಾವಿರದ ವ್ಯಾಪಾರವಾದರೆ, ಪಕ್ಕದಲ್ಲಿಯೇ ಎರಡು ಲಕ್ಷದ್ದು. ಅಂಥಲ್ಲಿ ಹತ್ತನ್ನು ನೋಡಿ ನೂರರ ಬಗ್ಗೆ ಹೇಳುವುದು ದುಸ್ಸಾಹಸ.

ಈ ಏರುಪೇರಿನ ಅಳತೆಯೇ ಮಾನಕ ವಿಚಲನೆ. ಮೂರು ಸ್ತರಗಳಲ್ಲಿ ಅದು ಕ್ರಮವಾಗಿ 2, 8 ಮತ್ತು 40 ಸಾವಿರ ರೂಪಾಯಿ ಎಂದಿಟ್ಟುಕೊಳ್ಳೋಣ. ಜೆರ್ಜಿ ನೇಮನ್ 1934ರ ಪ್ರಬಂಧದಲ್ಲಿ ಪ್ರಸಿದ್ಧಗೊಳಿಸಿದ ಸೂತ್ರದ ಪ್ರಕಾರ, ಮಾದರಿಯನ್ನು ಸ್ತರದ ಗಾತ್ರ ಮತ್ತು ಮಾನಕ ವಿಚಲನೆಗಳ ಗುಣಲಬ್ಧಕ್ಕೆ ತಕ್ಕಂತೆ ಹಂಚಬೇಕು. ಕೆಳಗೆ n ಎಂದರೆ ಒಟ್ಟು ಮಾದರಿ, n_h ಒಂದು ಸ್ತರದ ಪಾಲು, N_h ಆ ಸ್ತರದ ಗಾತ್ರ, S_h ಅದರ ಮಾನಕ ವಿಚಲನೆ:

```
n_h = n × N_h S_h / Σ N_h S_h

1400 × 2  = 2800  →  52
 500 × 8  = 4000  →  74
 100 × 40 = 4000  →  74
ಒಟ್ಟು      10800     200
```

ಸಗಟು ಮಳಿಗೆಗಳ ಪಾಲು ಹತ್ತರಿಂದ ಎಪ್ಪತ್ತನಾಲ್ಕಕ್ಕೆ ಏರಿತು. ಇದರಿಂದ ಸಿಕ್ಕಿದ್ದೇನು? ನಮ್ಮ ಅಂದಾಜು ನಿಜವಾದ ಸರಾಸರಿಯಿಂದ ಸಾಮಾನ್ಯವಾಗಿ ಎಷ್ಟು ಆಚೀಚೆ ಹೋಗಬಹುದು ಎಂಬುದರ ಅಳತೆಯೇ ಮಾನಕ ದೋಷ. ಪ್ರಮಾಣಾನುಗುಣ ಹಂಚಿಕೆಯಲ್ಲಿ ಅದು ಸುಮಾರು 667 ರೂಪಾಯಿ. ಇಲ್ಲಿ ಸುಮಾರು 310. ಪ್ರಮಾಣಾನುಗುಣ ಹಂಚಿಕೆಯಲ್ಲೇ ಉಳಿದು ಇಷ್ಟು ನಿಖರತೆ ಬೇಕೆಂದರೆ 678 ಅಂಗಡಿಗಳಿಗೆ ಹೋಗಬೇಕಾಗುತ್ತಿತ್ತು. ಬಿಸಿಲಲ್ಲಿ ಅಂಗಡಿ ಅಂಗಡಿ ಸುತ್ತುವ ಕ್ಷೇತ್ರ ಸಿಬ್ಬಂದಿಗೆ ಈ ವ್ಯತ್ಯಾಸ ಎಂಥದೆಂದು ನಾನು ಬಲ್ಲೆ.

ಇಲ್ಲಿಯವರೆಗೆ ಎಲ್ಲರೂ ಚೆನ್ನಾಗಿ ಮಾಡುತ್ತಾರೆ. ಎಡವುವುದು ಮಾಹಿತಿ ಕೈಗೆ ಬಂದ ಮೇಲೆ. ನಮ್ಮೊಂದಿಗೆ ಕೆಲಸ ಮಾಡುತ್ತಿದ್ದ ಯುವಕರೊಬ್ಬರು ಇಂಥದೇ ಸಮೀಕ್ಷೆಯ ಎಲ್ಲ ಉತ್ತರಗಳನ್ನು ಕೂಡಿಸಿ ಅಂಗಡಿಗಳ ಸಂಖ್ಯೆಯಿಂದ ಭಾಗಿಸಿಬಿಟ್ಟಿದ್ದರು. ನಮ್ಮ ಉದಾಹರಣೆಯಲ್ಲೇ ನೋಡಿ: ಮೂರು ಸ್ತರಗಳ ಸರಾಸರಿ 5, 20 ಮತ್ತು 100 ಸಾವಿರ ಎಂದಾದರೆ ಆ ರೀತಿಯಲ್ಲಿ ಬರುವ ಉತ್ತರ 45,700 ರೂಪಾಯಿ. ಸರಿಯಾದ ಉತ್ತರ 13,500. ಮಾದರಿಯ ಒಂದು ಪುಟ್ಟ ಅಂಗಡಿ 1400/52, ಅಂದರೆ ಸುಮಾರು 27 ಅಂಗಡಿಗಳ ಪರವಾಗಿ ಮಾತನಾಡುತ್ತಿದೆ. ಒಂದು ಸಗಟು ಮಳಿಗೆ ಒಂದೂಕಾಲಿಗಿಂತ ತುಸು ಹೆಚ್ಚಿನದರ ಪರವಾಗಿ ಮಾತ್ರ. ಈ ತೂಕವನ್ನು ಪ್ರತಿ ಉತ್ತರಕ್ಕೂ ಗುಣಿಸಲೇಬೇಕು. ಪ್ರಮಾಣಾನುಗುಣ ಹಂಚಿಕೆಯಲ್ಲಿ ಎಲ್ಲರ ತೂಕವೂ ಹತ್ತೇ ಆದ್ದರಿಂದ ಸಾದಾ ಸರಾಸರಿಯೂ ದಾರಿ ತಪ್ಪಿಸುವುದಿಲ್ಲ. ಅದರ ದೊಡ್ಡ ಗುಣ ಇದು. ನಾನು ಈಗ ಪ್ರತಿ ಕಡತದಲ್ಲಿಯೂ ತೂಕಗಳ ಮೊತ್ತ 2,000 ಬರುತ್ತದೆಯೇ ಎಂದು ಮೊದಲು ನೋಡುತ್ತೇನೆ.

ಇನ್ನೊಂದು ತೊಡಕು ಇದಕ್ಕಿಂತ ಆಳದ್ದು. 74 ಎಂಬ ಸಂಖ್ಯೆ ವ್ಯಾಪಾರದ ಮೊತ್ತಕ್ಕೆ ಮಾತ್ರ ಉತ್ತಮ. ಅದೇ ಪ್ರಶ್ನಾವಳಿಯಲ್ಲಿ 'ಯುಪಿಐ ಮೂಲಕ ಹಣ ಪಡೆಯುತ್ತೀರಾ?' ಎಂಬ ಪ್ರಶ್ನೆಯೂ ಇದ್ದರೆ? ಪುಟ್ಟ ಅಂಗಡಿಗಳಲ್ಲಿ ಅರ್ಧದಷ್ಟು, ಮಧ್ಯಮದಲ್ಲಿ ಶೇ. 80, ಸಗಟಿನಲ್ಲಿ ಶೇ. 90 'ಹೌದು' ಎಂದಿಟ್ಟುಕೊಂಡರೆ, ಈಗ ಏರುಪೇರು ಹೆಚ್ಚಿರುವುದು ಪುಟ್ಟ ಅಂಗಡಿಗಳಲ್ಲಿ, ಅಂದರೆ ನಾವು ಕೇವಲ 52ಕ್ಕೆ ಇಳಿಸಿದ ಸ್ತರದಲ್ಲಿಯೇ. ಪ್ರಮಾಣಾನುಗುಣ ಹಂಚಿಕೆಯಲ್ಲಿ ಶೇಕಡಾ 3.1 ಅಂಶವಿದ್ದ ಮಾನಕ ದೋಷ ಇಲ್ಲಿ 4.9 ಅಂಶಕ್ಕೆ ಏರುತ್ತದೆ. ಒಂದು ಪ್ರಶ್ನೆಗೆ ಕೊಟ್ಟದ್ದನ್ನು ಇನ್ನೊಂದರಿಂದ ಕಿತ್ತುಕೊಂಡಂತಾಯಿತು.

ಮಾನಕ ವಿಚಲನೆಗಳೂ ಮೊದಲೇ ಖಚಿತವಾಗಿ ಗೊತ್ತಿರುವುದಿಲ್ಲ. ಹಳೆಯ ಸಮೀಕ್ಷೆಯಿಂದಲೋ, ಸ್ತರಕ್ಕೆ ಹದಿನೈದಿಪ್ಪತ್ತು ಅಂಗಡಿಗಳ ಪ್ರಾಯೋಗಿಕ ಸುತ್ತಿನಿಂದಲೋ ಅಂದಾಜು ಮಾಡಿರುತ್ತೇವೆ. ಆದ್ದರಿಂದ ಪ್ರಶ್ನೆಗಳು ಹಲವಿದ್ದಾಗ ನಾನು ಎರಡೂ ಹಂಚಿಕೆಗಳ ನಡುವೆ ನಿಲ್ಲುತ್ತೇನೆ. 140 ಮತ್ತು 52ರ ನಡುವೆ 96; 50 ಮತ್ತು 74ರ ನಡುವೆ 62; 10 ಮತ್ತು 74ರ ನಡುವೆ 42. ಒಟ್ಟು ಆಗಲೂ 200. ವ್ಯಾಪಾರದ ಮಾನಕ ದೋಷ ಸುಮಾರು 362 ರೂಪಾಯಿ, ಯುಪಿಐ ಪ್ರಶ್ನೆಯದು ಶೇಕಡಾ 3.7 ಅಂಶ. ಎರಡೂ ತಮ್ಮ ತಮ್ಮ ಅತ್ಯುತ್ತಮಕ್ಕಿಂತ ಸ್ವಲ್ಪವೇ ಹಿಂದೆ. ಪೇಟೆಗೆ ಹೊರಡುವ ತಂಡದ ಕೈಗೆ ನಾನು ಕೊಡುವುದು ಈ ಪಟ್ಟಿಯನ್ನು.